ಅಪ್ಪನ ದೊಡ್ಡ ಕತ್ತರಿ ಯಾರಿಗೆ?

ಅಕ್ಕ: ತಮ್ಮಾ, ಡ್ಯೂಟಿ ಮುಗೀತಾ? ಬಸ್ಸು ಓಡಿಸ್ತಾ ಮೆಸೇಜ್ ನೋಡಿದ್ರೆ ಕಿವಿ ಹಿಂಡ್ತೀನಿ.

ತಮ್ಮ: ಡಿಪೋದಲ್ಲಿ ನಿಂತಿದೀನಿ ತಾಯೀ. ಒಂದು ಗಂಟೆ ಬಿಡುವು.

ಅಕ್ಕ: ಅಪ್ಪ ಹೋಗಿ ಮೂರು ತಿಂಗಳಾಯ್ತು. ಅವರ ಟೈಲರ್ ಅಂಗಡಿ ಹಿಂದಿನ ಕೋಣೆ ಸಾಮಾನು ಇವತ್ತು ಪಾಲು ಮಾಡಿ ಮುಗಿಸೋಣ. ಕಾನೂನು ಕೇಳು. ಇಬ್ರೂ ತಮಗೆ ಬೇಕಾದ ನಾಲ್ಕು ಸಾಮಾನು ಬರೆದು ಸರಿಯಾಗಿ ನಾಲ್ಕು ಗಂಟೆಗೆ ಕಳಿಸ್ಬೇಕು. ಒಬ್ರೇ ಕೇಳಿದ್ದು ಅವರಿಗೆ. ಇಬ್ರೂ ಕೇಳಿದ್ದಕ್ಕೆ ಅದೃಷ್ಟ ಪರೀಕ್ಷೆ. ಸೋತೋರು ಉಳಿದಿದ್ದರಲ್ಲಿ ಮೊದಲು ಆರಿಸ್ಕೋಬಹುದು. ಯಾರಿಗೂ ಬೇಡದ್ದು ದಾನಕ್ಕೆ, ಜೇಬೆಲ್ಲ ತಡಕಿದ ಮೇಲೆ. ಕಾಗದಪತ್ರ ಒಂದೂ ಎಸೆಯೋ ಹಾಗಿಲ್ಲ.

ತಮ್ಮ: ಇಬ್ರೂ ಒಂದೇ ಹೊತ್ತಿಗೆ ಯಾಕೆ ಕಳಿಸ್ಬೇಕು?

ಅಕ್ಕ: ನೀನು ಪರೀಕ್ಷೇಲಿ ಪಕ್ಕದವನದ್ದು ನೋಡಿ ಬರೀತಿದ್ದೋನು. ಅದಕ್ಕೆ.

ಅಕ್ಕ: ಅಂದಹಾಗೆ ಆರು ಕೋಟಿನ ಜೇಬು ತಡಕಿದೆ. ಹದಿನಾಲ್ಕು ಗುಂಡಿ, ಎರಡು ಪೆಪ್ಪರಮೆಂಟು, ಒಂದು ಹಲ್ಲು!

ತಮ್ಮ: ಹಲ್ಲಾ?! ಯಾರದು?

ಅಕ್ಕ: ನಿಂದೇ. ಪೊಟ್ಟಣದ ಮೇಲೆ "ಮಗನದು, ಮೊದಲನೇದು" ಅಂತ ಬರೆದಿದೆ. ಯಾವ ರಾಶಿಗೆ ಹಾಕ್ಲಿ?

ತಮ್ಮ: ದಾನಕ್ಕೆ!

ಅಕ್ಕ: ಅಯ್ಯೋ, ನಕ್ಕು ನಕ್ಕು ಹೊಟ್ಟೆ ಹುಣ್ಣಾಯ್ತು. ನಾಲ್ಕಾಯ್ತು ನೋಡು. ನಂದು: ದೊಡ್ಡ ಕತ್ತರಿ, ಇಸ್ತ್ರಿ ಪೆಟ್ಟಿಗೆ, ಅಳತೆ ಪುಸ್ತಕ, ಗುಂಡಿ ಡಬ್ಬಿ.

ತಮ್ಮ: ದೊಡ್ಡ ಕತ್ತರಿ, ರೇಡಿಯೋ, ಛತ್ರಿ, ಕನ್ನಡಕ.

ಅಕ್ಕ: ನಿನಗ್ಯಾಕೋ ಕತ್ತರಿ? ಬಸ್ಸಿಗೆ ಅಂಗಿ ಹೊಲಿಸ್ತೀಯಾ?

ತಮ್ಮ: ಬೈಯಲ್ಲ ಅಂದ್ರೆ ಹೇಳ್ತೀನಿ. ಹೋದ ವಾರ ಬಂದಾಗ ಪೆಟ್ಟಿಗೆಗಳಿಗೆ ಚೀಟಿ ಅಂಟಿಸಿದ್ನಲ್ಲ. ಆ ಚೀಟಿ ಅಪ್ಪನ ಕತ್ತರೀಲೇ ಕತ್ತರಿಸಿದ್ದು.

ಅಕ್ಕ: ಏನಂದೆ???? ಕಾಗದಾನಾ??? ಕಾಗದ ಕತ್ತರಿಸಿದ್ರೆ ಅಲಗು ಮೊಂಡಾಗುತ್ತೆ ಅಂತ ಆ ಮನುಷ್ಯ ನಲವತ್ತು ವರ್ಷ ನಮ್ಮನ್ನ ಅದರ ಹತ್ತಿರಕ್ಕೂ ಬಿಡಲಿಲ್ಲ! ಪಕ್ಕದ ಅಂಗಡಿಯವರು ಕೇಳಿದ್ರೆ "ಬೇಕಾದ್ರೆ ಮೇಜು ಹೊತ್ಕೊಂಡು ಹೋಗಿ, ಇದನ್ನ ಕೊಡಲ್ಲ" ಅಂತಿದ್ರು!

ತಮ್ಮ: ಮೂರೇ ಮೂರು ಚೀಟಿ ಅಕ್ಕಾ! ಆದ್ರೆ ಕೇಳು. ಶಾಲೇಲಿ ನಾನು ಕತ್ತರಿ ಹಿಡಿದ್ರೆ ಕಾಗದ ಹರೀತಿತ್ತು. ಮೇಷ್ಟ್ರು ಎಡಚ, ದಡ್ಡ ಅಂತಿದ್ರು. ಇದು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಯ್ತು. ನನ್ನ ಕೈ ದಡ್ಡ ಅಲ್ಲ ಅಂತ ನಂಗೆ ಅವತ್ತೇ ಗೊತ್ತಾಗಿದ್ದು. ಅದಕ್ಕೇ ಬೇಕು.

ಅಕ್ಕ: ನಂಗೂ ಬೇಕೇ ಬೇಕು. ಈಗ ಡಿಪೋ ಗೇಟಿಗೆ ಬರೋ ಮೊದಲನೇ ಬಸ್ಸಿನ ನಂಬರಿನ ಕೊನೇ ಅಂಕಿ ನೋಡು. ಬೆಸ ಆದ್ರೆ ನಂಗೆ, ಸಮ ಆದ್ರೆ ನಿಂಗೆ.

ತಮ್ಮ: ನಾನು ಸುಳ್ಳು ಹೇಳಿದ್ರೆ ನಿಂಗೆ ಹೇಗೆ ಗೊತ್ತಾಗುತ್ತೆ?

ಅಕ್ಕ: ಗೊತ್ತಾಗಲ್ಲ.

ತಮ್ಮ: ಬಂತು. ಏಳು.

ಅಕ್ಕ: ನಿಜವಾಗ್ಲೂ?

ತಮ್ಮ: ಏಳೇ. ಅದರ ಬೆನ್ನಿಗೇ ಬಂದಿದ್ದು ಎಂಟು! ಮೊದಲನೇ ಡ್ರೈವರ್‌ನ ಹಿಡ್ಕೊಂಡು "ಸ್ವಲ್ಪ ನಿಧಾನಕ್ಕೆ ಬರೋಕೆ ಏನಾಗಿತ್ತೋ" ಅಂತ ಬೈದೆ. ಪಾಪ, ಪಿಳಿಪಿಳಿ ನೋಡ್ತಿದಾನೆ.

ಅಕ್ಕ: ಗೆದ್ದೇ! ಕೋಣೇಲಿ ಒಬ್ಬಳೇ ಕುಣಿದೆ, ಇಸ್ತ್ರಿ ಪೆಟ್ಟಿಗೆ ಕಾಲ್ಬೆರಳಿಗೆ ಬಡೀತು.

ತಮ್ಮ: ಹಾಗೇ ಆಗ್ಬೇಕು.

ಅಕ್ಕ: ತಮ್ಮಾ, ಒಂದು ಮಾತು. ನೀನು ಸುಳ್ಳು ಹೇಳ್ಲಿಲ್ಲ, ನಾನು ಮುಚ್ಚಿಡೋದು ಸರಿಯಲ್ಲ. ಅಪ್ಪನೂ ಎಡಚ ಅಲ್ವಾ, ಅದು ಎಡಗೈಯವರ ಕತ್ತರಿ. ಅಲಗು ಕೂರಿಸಿರೋದೇ ಉಲ್ಟಾ. ನನ್ನ ಬಲಗೈಲಿ ಹಿಡಿದ್ರೆ ಎರಡು ಅಲಗು ಒತ್ತಿಕೊಳ್ಳೋ ಬದಲು ದೂರ ಸರೀತವೆ, ಬಟ್ಟೆ ಮಧ್ಯೆ ಮಡಚ್ಕೊಂಡು ಕೂರುತ್ತೆ. ಕೊನೇ ಆರು ವರ್ಷ ಅಂಗಡೀಲಿ ಅಪ್ಪ ಕತ್ತರಿಸಿದ್ರು, ಪಕ್ಕದಲ್ಲಿ ಕೂತು ನಾನು ಹೊಲಿದೆ. ಅವರು ಹೋದ ಮೇಲೆ ಒಂದಿನ ಹಿಡಿದು ನೋಡಿದೆ. ಒಂದು ಗೇಣೂ ಹೋಗ್ಲಿಲ್ಲ. ಇದೂ ನನ್ನ ಕೈಬಿಡ್ತಲ್ಲ ಅಂತ ತುಂಬಾ ಅತ್ತೆ ಕಣೋ. ಮೇಜಿನ ಮೇಲೆ ಸುಮ್ನೆ ಇದ್ರೂ ಸಾಕು ಅಂತ ಕೇಳಿದೆ.

ತಮ್ಮ: ಇರ್ಲಿ ಬಿಡಕ್ಕಾ. ಗೆದ್ದಿದೀಯ, ನಿಂದೇ.

ಅಕ್ಕ: ಬಾಯ್ಮುಚ್ಚು. ಅಪ್ಪ ಚಾಕ್‌ನಲ್ಲಿ ಗೆರೆ ಎಳೆದಿಟ್ಟ ಒಂದು ಕೋಟಿನ ಬಟ್ಟೆ ಹಾಗೇ ಇದೆ. ನನ್ನ ಕತ್ತರೀಲಿ ಅದನ್ನ ಕತ್ತರಿಸೋಕೆ ಮನಸ್ಸೇ ಬರ್ತಿಲ್ಲ. ನಿನಗೆ ಯಾವತ್ತು ರಜೆ?

ತಮ್ಮ: ಭಾನುವಾರ. ಅಕ್ಕಾ, ನಂಗೆ ಬಟ್ಟೆ ಕತ್ತರಿಸೋಕೆ ಬರಲ್ಲ!!

ಅಕ್ಕ: ಕತ್ತರಿಗೆ ಸಾಣೆ ಹಿಡಿಸಿಟ್ಟಿರ್ತೀನಿ. ಮೊದ್ಲು ಹಳೇ ಬೆಡ್‌ಶೀಟ್ ಮೇಲೆ ಕಲಿ. ಬಟ್ಟೆ ಮೇಲೆತ್ತಬಾರದು. ಕೆಳಗಿನ ಅಲಗು ಮೇಜು ಬಿಡಬಾರದು. ತುದಿವರೆಗೂ ಮುಚ್ಚದೆ ಉದ್ದುದ್ದ ಹೋಗ್ಬೇಕು. ಗೆರೆ ಅಪ್ಪಂದು, ಕೈ ನಿಂದು, ಹೊಲಿಗೆ ನಂದು.

ತಮ್ಮ: ಕೆಟ್ಟುಹೋದ್ರೆ? ಕೋಟು ಯಾರದ್ದು?

ಅಕ್ಕ: ಔಷಧಿ ಅಂಗಡಿ ಯಜಮಾನರದ್ದು. ದಿನಾ ಬರ್ತಾರೆ, ಕೋಟಿನ ಮಾತೇ ಎತ್ತಲ್ಲ, ಅಪ್ಪನ ಕುರ್ಚಿಗೆ ಒಂದು ನಮಸ್ಕಾರ ಹಾಕಿ ಹೋಗ್ತಾರೆ.

ತಮ್ಮ: ನಾಳೆ ಬಂದ್ರೆ ಹೇಳು. ಭಾನುವಾರ ಕತ್ತರಿಸ್ತೀವಿ ಅಂತ.