ಜನ ಎದ್ದುಹೋಗುವ ಸೆಕೆಂಡು

ಆಳಂದದಲ್ಲಿ ನಮ್ಮ ಚಿಗವ್ವನಿಗೆ ಒಂದು ಅಡುಗೆ ಚಾನೆಲ್ ಇದೆ. ಅಡುಗೆ, ಮಾತು ಎರಡೂ ಅವಳವು. ಮೊಬೈಲ್ ಹಿಡಿಯುವುದು, ವಿಡಿಯೋ ಕತ್ತರಿಸಿ ಜೋಡಿಸುವುದು, ಹಾಕಿದ ಮೇಲೆ ಎಷ್ಟು ಜನ ಎಲ್ಲಿಯವರೆಗೆ ನೋಡಿದರು ಎಂದು ಬರೆದಿಡುವುದು ನನ್ನ ಪಾಲು. ದಿನಚರಿ ಬರೆಯುವ ಚಟ ಇರುವುದರಿಂದ ಈ ಕೊನೆಯ ಕೆಲಸವನ್ನು ಯಾರೂ ಹೇಳದೆಯೇ ಮೈಮೇಲೆ ಹಾಕಿಕೊಂಡಿದ್ದೆ.

ಅಂದು ಸೋಮವಾರ. ಕಟಕ್ ರೊಟ್ಟಿಯ, ಅಂದರೆ ಗರಿಗರಿಯಾದ ಒಣ ರೊಟ್ಟಿಯ, ವಿಡಿಯೋ ಹಾಕಿ ಎರಡು ದಿನವಾಗಿತ್ತು. ನೋಡುಗರ ಗ್ರಾಫ್ ಒಡನೆ ಬರುವುದಿಲ್ಲ, ಒಂದೆರಡು ದಿನ ಕಾಯಬೇಕು. ಅದು ಬಂದ ಕೂಡಲೇ ಚಿಗವ್ವ ನನ್ನ ಪಕ್ಕ ಬಂದು ಕೂತಳು. ಎಡಗಡೆ ನೂರಕ್ಕೆ ನೂರರಿಂದ ಶುರುವಾಗುವ ಗೆರೆ, ಮೊದಲ ಅರ್ಧ ನಿಮಿಷದಲ್ಲಿ ಎಲ್ಲ ವಿಡಿಯೋಗಳಲ್ಲಿ ಇಳಿಯುವ ಹಾಗೆ ಇಳಿದು, ಆಮೇಲೆ ಸಾವಕಾಶವಾಗಿ ಸಾಗಿ, ನಾಲ್ಕನೇ ನಿಮಿಷ ದಾಟಿದ ಮೇಲೆ ಒಮ್ಮೆಲೇ ಬಾವಿಗೆ ಬಿದ್ದಂತೆ ಬಿದ್ದಿತ್ತು. ಉಳಿದ ಐದು ನಿಮಿಷ ತಳದಲ್ಲೇ ಹರಿದಿತ್ತು.

"ಇಲ್ಲಿ ಏನಾಗ್ಯಾದ ಬೇ?"

"ಇಲ್ಲಿ ಮಂದಿ ಬಿಟ್ಟು ಹೋಗ್ಯಾರ, ಚಿಗವ್ವ."

ಅವಳು ಮೊಬೈಲನ್ನು ನನ್ನ ಕಡೆ ಸರಿಸಿದಳು. ವಿಡಿಯೋದಲ್ಲಿ ಅವಳು ಬಾಯಿ ಮುಚ್ಚುವವಳಲ್ಲ. ಯಡ್ರಾಮಿಯ ತವರುಮನೆ, ಅಲ್ಲಿಯ ಒಲೆ, ಅವಳವ್ವ ಹಿಟ್ಟು ನಾದುವಾಗ ಬಯ್ಯುತ್ತಿದ್ದ ಬೈಗುಳ, ಎಲ್ಲವನ್ನೂ ಹಂಚು ಕಾಯುವಷ್ಟರಲ್ಲಿ ಹೇಳಿ ಮುಗಿಸುವವಳು.

"ನನ್ನ ಮಾತು ಜಾಸ್ತಿ ಆಗ್ಯಾವ," ಅಂದಳು. "ಅತನೂರದಾಗಿನ ತಂಗಿನೂ ಅದ ಅಂದ್ಳು. ಅಕ್ಕಾ, ಭಾಳ ಮಾತಾಡ್ತಿ ಅಂತ. ಮುಂದಿನ ವಿಡಿಯೋಕ್ಕ ನನ್ನ ದನಿ ಬ್ಯಾಡ. ಬರೇ ಕೈ ತೋರ್ಸಿ, ಮ್ಯಾಲೆ ಸಂಗೀತ ಹಚ್ಚು."

ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದ ಅವಳ ಗಂಡ, ನನ್ನ ಕಾಕಾ, ಇದನ್ನು ಕೇಳಿ, "ಮನ್ಯಾಗೂ ಹಂಗ ಮಾಡಾಕ ಬರ್ತದೇನು, ಸಂಗೀತ ಹಚ್ಚೂದು?" ಅಂದರು. ಎಂದಿನಂತೆ ಎದುರುತ್ತರ ಕೊಡುವ ಬದಲು ಅವಳು ಎದ್ದು ಒಲೆಯ ಕಡೆ ನಡೆದಳು. ಕಾಕಾ ನನ್ನ ಮುಖ ನೋಡಿದರು. ಆಗ ನನಗೂ ದಿಗಿಲಾಯಿತು. ಚಿಗವ್ವನ ಮಾತು ತೆಗೆದರೆ ಆ ಚಾನೆಲ್‌ನಲ್ಲಿ ಉಳಿಯುವುದು ಯಾರದಾದರೂ ಆಗಬಹುದಾದ ಎರಡು ಕೈ, ಒಂದು ಹಂಚು. ಮುಂದಿನ ವಿಡಿಯೋ ಭಾನುವಾರ ತೆಗೆಯಬೇಕಿತ್ತು. ಅಷ್ಟರೊಳಗೆ ತಪ್ಪು ಅವಳ ದನಿಯದೋ ಅಲ್ಲವೋ ಎಂದು ನಾನು ತಿಳಿಯಬೇಕಿತ್ತು.

ಮಂಗಳವಾರ ಹಳೆಯ ವಿಡಿಯೋಗಳ ಗ್ರಾಫ್‌ಗಳನ್ನೆಲ್ಲ ತೆರೆದೆ. ಗೆರೆಯ ಮೇಲೆ ಬೆರಳಿಟ್ಟು ಸರಿಸಿದರೆ ಮೇಲೆ ಆಯಾ ಸೆಕೆಂಡಿನ ಚಿತ್ರ ಕಾಣುತ್ತದೆ. ಅವಳು ತವರಿನ ಕಥೆ ತೆಗೆದಲ್ಲೆಲ್ಲ ಸಣ್ಣದೊಂದು ತಗ್ಗು ಇತ್ತು, ಖರೆ. ಆದರೆ ಆ ತಗ್ಗು ಸ್ವಲ್ಪ ಮುಂದೆ ಮತ್ತೆ ತುಂಬಿಕೊಳ್ಳುತ್ತಿತ್ತು. ಅಂದರೆ ಕೆಲವರು ಕಥೆ ದಾಟಿ ಮುಂದಕ್ಕೆ ಜಿಗಿದಿದ್ದರು, ಬಿಟ್ಟು ಹೋಗಿರಲಿಲ್ಲ. ಹೋದವರ ಕುಸಿತ ಬೇರೆ. ಅದು ತಿರುಗಿ ಏಳುವುದಿಲ್ಲ.

ಅಂಥ ಕುಸಿತ ಜೋಳದ ರೊಟ್ಟಿಯಲ್ಲಿತ್ತು, ಶೇಂಗಾ ಹೋಳಿಗೆಯಲ್ಲಿತ್ತು, ಕಟಕ್ ರೊಟ್ಟಿಯಲ್ಲಿತ್ತು. ಒಂದರಲ್ಲಿ ಮೂರನೇ ನಿಮಿಷಕ್ಕೆ, ಇನ್ನೊಂದರಲ್ಲಿ ಐದಕ್ಕೆ. ಹಾಗಾಗಿ ಉದ್ದವಾಯಿತೆಂದು ಬೇಸತ್ತು ಹೋದವರಲ್ಲ. ಪುಂಡಿಪಲ್ಯದ ವಿಡಿಯೋದಲ್ಲಿ ಮಾತ್ರ ಕುಸಿತವೇ ಇರಲಿಲ್ಲ, ಗೆರೆ ಕೊನೆಯವರೆಗೂ ಇಳಿಜಾರಿನ ರಸ್ತೆಯಂತೆ ನುಣ್ಣಗಿತ್ತು. ಅವಳು ಎಲ್ಲಕ್ಕಿಂತ ಹೆಚ್ಚು ಮಾತಾಡಿದ್ದು ಆ ಪುಂಡಿಪಲ್ಯದಲ್ಲೇ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕಟಕ್ ರೊಟ್ಟಿಯ ಕೆಳಗೆ ಹಲವರು ಒಂದೇ ಪ್ರಶ್ನೆ ಕೇಳಿದ್ದರು: ರೊಟ್ಟಿಯನ್ನು ಕಟಕ್ ಮಾಡುವುದು ಹೇಗೆ, ನೀವು ಹೇಳಲೇ ಇಲ್ಲವಲ್ಲ? ಹೇಳಿದ್ದಳು. ಆರನೇ ನಿಮಿಷದಲ್ಲಿ, ಕಾವು ಆರದ ಹಂಚಿನ ಸುತ್ತ ರೊಟ್ಟಿಗಳನ್ನು ಒರಗಿಸಿಟ್ಟು, ಚೆನ್ನಾಗಿ ಹೇಳಿದ್ದಳು. ಕೇಳಲು ಅವರು ಅಲ್ಲಿರಲಿಲ್ಲ.

ಬುಧವಾರ ಊಟದ ನಂತರ ದನಿ ಬಂದ್ ಮಾಡಿ ಆ ಮೂರೂ ವಿಡಿಯೋಗಳನ್ನು ಸಾಲಾಗಿ ನೋಡಿದೆ. ದನಿ ಇದ್ದಾಗ ನಾನು ಅವಳ ಮಾತನ್ನೇ ಕೇಳುತ್ತೇನೆ, ಕಣ್ಣು ಬೇರೆ ಏನನ್ನೂ ನೋಡುವುದಿಲ್ಲ. ಕಟಕ್ ರೊಟ್ಟಿಯಲ್ಲಿ ಕುಸಿತದ ಸೆಕೆಂಡು ಬಂತು. ಚಿಗವ್ವ ಮೊದಲ ರೊಟ್ಟಿ ಇಳಿಸಿ ಪಕ್ಕದ ಬುಟ್ಟಿಯಲ್ಲಿಟ್ಟಳು. ಮುಖ ಎತ್ತಿದಳು. ನಕ್ಕಳು. ಎರಡೂ ಕೈ ಜೋಡಿಸಿ ಶರಣು ಮಾಡಿದಳು. ನನ್ನ ಹೆಬ್ಬೆರಳು ತಾನಾಗಿಯೇ ಮುಂದಿನ ವಿಡಿಯೋದ ಕಡೆ ಹೊರಟಿತ್ತು!

ಮೊದಲ ರೊಟ್ಟಿ ಎತ್ತಿಟ್ಟು ಕೈ ಮುಗಿಯುವುದು ಅವಳ ತವರಿನ ರೂಢಿ. ಅದು ಆ ದಿನ ಬಾಗಿಲಿಗೆ ಯಾರು ಮೊದಲು ಬರುತ್ತಾರೋ ಅವರ ಪಾಲಿನ ರೊಟ್ಟಿ. ಹೋಳಿಗೆಯಾದರೂ ಅಷ್ಟೇ. ಪಲ್ಯದಲ್ಲಿ ಮೊದಲನೆಯದು ಎಂಬುದಿಲ್ಲ, ಅದಕ್ಕೆ ನಡುವೆ ಶರಣೂ ಇಲ್ಲ. ನಮ್ಮ ಮನೆಯಲ್ಲಿ ದಿನಾ ನಡೆಯುವುದರಿಂದ ನನಗೆ ಅದು ಕಂಡೇ ಇರಲಿಲ್ಲ. ಆದರೆ ಪ್ರತಿ ವಿಡಿಯೋದ ಕೊನೆಯಲ್ಲೂ ಅವಳು ಹಾಗೇ ನಕ್ಕು, ಹಾಗೇ ಕೈ ಮುಗಿದು ಬೀಳ್ಕೊಡುತ್ತಾಳೆ. ನೋಡುವವರು ನಡುವಿನ ಶರಣನ್ನು ಕೊನೆಯದೆಂದು ತಿಳಿದು, ಮರ್ಯಾದೆಯಿಂದ ಎದ್ದುಹೋಗಿದ್ದರು.

ಇದನ್ನು ಹೇಳಿದರೆ ಚಿಗವ್ವ ನಂಬಲಿಲ್ಲ. "ನನ್ನ ಸಮಾಧಾನ ಮಾಡಾಕ ಹೇಳಾಕತ್ತಿ," ಅಂದಳು. ನಾನು ಅತನೂರಿಗೆ ಫೋನ್ ಹಚ್ಚಿ, ಸ್ಪೀಕರ್ ಹಾಕಿ ಅವಳ ಕೈಗೆ ಕೊಟ್ಟೆ.

"ಏ ತಂಗಿ, ಕಟಕ್ ರೊಟ್ಟಿದು ಪೂರಾ ನೋಡಿದ್ಯಾ?"

"ನೋಡೇನಲ್ಲ."

"ಕಡೀಕ ಏನ್ ಹೇಳೀನಿ, ಹೇಳು ನೋಡೂಣು."

"ಕಡೀಕ ಏನದ? ರೊಟ್ಟಿ ಬುಟ್ಟ್ಯಾಗ ಇಟ್ಟಿ, ಶರಣು ಮಾಡಿದಿ. ಮುಗೀತಂತ ಬಂದ್ ಮಾಡಿದೆ."

"ಅಯ್ಯ ನಿನ್ನ! ನಮ್ಮವ್ವನ ಮನ್ಯಾಗ ಹುಟ್ಟಿದಾಕಿಗೂ ತಿಳೀಲಿಲ್ಲಲ್ಲ ಬೇ!"

"ಅಲ್ಲಿ ನೀ ಒಲಿ ನೋಡಿ ಕೈ ಮುಗೀತಿದ್ದಿ. ಇಲ್ಲಿ ಮೊಬೈಲ್ ನೋಡಿ ಮುಗೀತಿ. ನನಗೇನ್ ಗೊತ್ತಾಗಬೇಕು?"

ಹೌದು, ಅದು ನನ್ನಿಂದಲೇ ಆದದ್ದು. ಸದಾ ಕ್ಯಾಮೆರಾ ನೋಡು ಎಂದು ಅವಳಿಗೆ ಕಲಿಸಿದವಳು ನಾನೇ.

"ಆ ತುಂಡು ಕತ್ತರಿಸಿ ಬಿಡ್ತೇನಿ, ಚಿಗವ್ವ," ಅಂದೆ.

"ಶರಣು ಕತ್ತರಿಸ್ತಿ? ಕತ್ತರಿ ಹಚ್ಚಿ ನೋಡು, ನಾಳಿಂದ ನಿನಗ ರೊಟ್ಟಿ ಇಲ್ಲ."

ಭಾನುವಾರ ಸಜ್ಜೆ ರೊಟ್ಟಿ. ಮೊಬೈಲ್ ನಿಲ್ಲಿಸಿದೆ. ದನಿಯ ವಿಷಯ ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎಳ್ಳು ಒತ್ತಿದ ಮೊದಲ ರೊಟ್ಟಿ ಹಂಚಿನಿಂದ ಬುಟ್ಟಿಗೆ ಹೋಯಿತು. ಅವಳು ಒಲೆಯತ್ತ ತಿರುಗಿ ಕೈ ಮುಗಿದಳು. ಆಮೇಲೆ, ನಾವು ಮೊದಲೇ ಮಾತಾಡಿಕೊಳ್ಳದ್ದು, ಕ್ಯಾಮೆರಾ ಕಡೆ ಬೆರಳು ಮಾಡಿ ಅಂದಳು: "ಯಾರೂ ಏಳಬ್ಯಾಡ್ರಿ ಮತ್ತ. ಈ ಶರಣು ಒಲಿಗೆ ಮಾಡೇನಿ, ನಿಮಗಲ್ಲ. ನಿಮ್ಮ ಪಾಳಿ ಇನ್ನಾ ಬರೂದದ. ಅತನೂರಾಕಿ, ನಿನಗೂ ಹೇಳಾಕತ್ತೇನಿ, ಕೂಡು!"

ಬುಧವಾರ ಗ್ರಾಫ್ ಬಂತು. ಬಾವಿ ಇರಲಿಲ್ಲ. ಗೆರೆ ಇಳಿಯುತ್ತಾ ಹೋಗಿ, ಸರಿಯಾಗಿ ಆ ಸೆಕೆಂಡಿನಲ್ಲಿ ಸಣ್ಣ ದಿಬ್ಬದಂತೆ ಉಬ್ಬಿ, ಮುಂದೆ ತನ್ನ ಪಾಡಿಗೆ ಸಾಗಿತ್ತು.

"ಇದು ಯಾಕ ಮ್ಯಾಲೆ ಎದ್ದದ? ಕೆಟ್ಟದೇನು?"

"ಇಲ್ಲಿ ಮಂದಿ ಹಿಂದಕ್ಕ ಹೋಗಿ ನಿನ್ನ ಮಾತು ಎರಡೆರಡು ಸಲ ಕೇಳ್ಯಾರ."

"ಎರಡೆರಡು ಸಲ?" ಕಾಕಾ ಪೇಪರಿನ ಹಿಂದಿನಿಂದ ಅಂದರು. "ಪಾಪ, ಯಾರ್ಯಾರ ಮನ್ಯಾಗ ಏನೇನು ತ್ರಾಸ ಅದನೋ."

"ನೀವು ಸುಮ್ಮ ಕೂಡ್ರಿ," ಅಂದಳು ಚಿಗವ್ವ. ನನ್ನ ಕೈಯಿಂದ ಮೊಬೈಲ್ ತೆಗೆದುಕೊಂಡು, ದಿಬ್ಬದ ಮೇಲೆ ತನ್ನ ಹಿಟ್ಟಿನ ಬೆರಳಿಟ್ಟು, ಆ ಜಾಗವನ್ನು ಒಮ್ಮೆ ಕೇಳಿದಳು. ಹಿಂದಕ್ಕೆ ಸರಿಸಿ ಇನ್ನೊಮ್ಮೆ ಕೇಳಿದಳು.