ಕಟ್ಟೆಯ ಮೇಲಿದ್ದವಳು ಮರದ ಹಿಂದೆ

ಜಲನಗರದ ಮನೆಯಲ್ಲಿ ನಾನೂ ತಂಗಿಯೂ ಕೂಡಿ ಒಂದು ಕಂಪ್ಯೂಟರ್ ಗೇಮ್ ಮಾಡುತ್ತಿದ್ದೆವು. ಊರನ್ನು ಮೇಲಿನಿಂದ ತುಸು ಓರೆಯಾಗಿ ನೋಡುವಂಥದ್ದು. ಚಿತ್ರ ಅವಳದು, ಕೋಡ್ ನನ್ನದು. ಅವಳು ನಮ್ಮೂರು ಕಾಖಂಡಕಿಯ ಬೇವಿನ ಮರ ಬರೆದುಕೊಟ್ಟಳು. ಆಟದ ಹುಡುಗಿಯನ್ನು ಅದರ ಕಟ್ಟೆಯ ಮೇಲೆ, ಕಾಂಡದ ಮುಂದೆ ನಿಲ್ಲಿಸಿದರೆ ಅವಳು ಮರದ ಹಿಂದೆ ಮಾಯ.

ಯಾವುದರ ಬುಡ ಪರದೆಯಲ್ಲಿ ಕೆಳಗಿದೆಯೋ ಅದನ್ನು ಕೊನೆಗೆ, ಎಲ್ಲದರ ಮುಂದೆ ಬರೆಯುವಂತೆ ಕೋಡ್ ಮಾಡಿದ್ದೆ. ಹುಡುಗಿಯ ಬುಡವೆಂದರೆ ಪಾದ. ಅದು ಕಾಂಡಕ್ಕಿಂತ ಕೆಳಗೇ ಇತ್ತು. ಮತ್ತೇನು ರೋಗ ಇದಕ್ಕೆ? ಸಿಟ್ಟಿನಲ್ಲಿ ಕ್ರಮವನ್ನೇ ತಿರುಗಿಸಿದೆ. ಹುಡುಗಿಯೇನೋ ಮುಂದೆ ಬಂದಳು, ಮರದ ಹಿಂದೆ ಕಟ್ಟಿದ ಆಕಳೂ ಮುಂದೆ ಬಂತು. ತಲೆ ಕೆಟ್ಟುಹೋಯಿತು.

"ಗಿಡದ ಬುಡ ಅಂತ ಎಲ್ಲಿ ಗುರ್ತ ಹಾಕೀದಿ ಬೇ?" ಎಂದು ತಂಗಿಯನ್ನು ಕೇಳಿದೆ.

"ಕಟ್ಟಿ ಕೆಳಗಿನ ಅಂಚಿಗೆ. ಗಿಡ ಅಂದ್ರ ಕಟ್ಟಿ ಸೇರೇ ಅಲ್ಲೇನ ಅಕ್ಕಾ?"

ಆ ಅಂಚು ಹುಡುಗಿಯ ಪಾದಕ್ಕಿಂತ ಕೆಳಗಿತ್ತು, ಹಾಗಾಗಿ ಮರ ಕೊನೆಗೆ ಬಂದು ಅವಳನ್ನು ಮುಚ್ಚುತ್ತಿತ್ತು. ಕ್ರಮವನ್ನು ಮೊದಲಿನಂತೆ ಮಾಡಿ, ಕಟ್ಟೆಯನ್ನು ಮರದಿಂದ ಬಿಡಿಸಿ ನೆಲದ ಜೊತೆ ಮೊದಲೇ ಬರೆಸಿದೆ. ಕಾಂಡದ ಬುಡಕ್ಕೆ ಗುರುತು ಹಾಕಿದೆ. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬಂದರು.

ಆಮೇಲೊಮ್ಮೆ ಕಾಖಂಡಕಿಗೆ ಹೋದಾಗ ಆ ಕಟ್ಟೆಯ ಮೇಲೆ ಕೂತೆ. ಬೇವಿನ ಬೇರು ಕಲ್ಲುಗಳನ್ನು ಸೀಳಿಕೊಂಡು ಕಟ್ಟೆಯ ಕೆಳಗಿನ ಅಂಚಿನಲ್ಲಿ, ತಂಗಿ ಗುರುತು ಹಾಕಿದ್ದಲ್ಲೇ, ಹೊರಬಂದಿತ್ತು.