ಬಿಂದು ಮತ್ತೆ ಕೆಲಸಕ್ಕೆ ಹೊರಟದ್ದು

ಚಾಮರಾಜಪೇಟೆಯ ಆ ಆಫೀಸಿನ ಮೆಟ್ಟಿಲು ಹತ್ತುವಾಗ ಬಿಂದು ಬ್ಯಾಗಿನಲ್ಲಿ ಪೆನ್‌ಡ್ರೈವ್ ಇದೆಯೇ ಎಂದು ಮೂರನೇ ಸಲ ಮುಟ್ಟಿ ನೋಡಿಕೊಂಡಳು. ನೋಡಿಕೊಳ್ಳದೆ ಏನು ಮಾಡಿಯಾಳು? ಹದಿಮೂರು ವರ್ಷದ ಮೇಲೆ ಇಂಟರ್‌ವ್ಯೂ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ, ಪೀಣ್ಯದ ಕಾರ್ಖಾನೆಯೊಂದರಲ್ಲಿ ಡಿಸೈನ್ ಮಾಡುತ್ತಿದ್ದವಳು ಅವಳು. ಕಬ್ಬಿಣದ ತುಂಡನ್ನು ಕೊರೆಯುವಾಗ ಅದು ಅಲುಗಾಡದಂತೆ ಹಿಡಿದಿಡುವ ಸಾಧನಗಳ ನಕ್ಷೆ ಬರೆದು ಕೊಡುವುದು ಅವಳ ಕೆಲಸ. ಆಗ ಮಗ ಕುಶಾಲನಿಗೆ ಉಬ್ಬಸ, ಮಗಳು ಯಶಶ್ರೀ ಇನ್ನೂ ಕೈಗೂಸು. "ಒಂದೆರಡು ವರ್ಷ ಬಿಡು, ಆಮೇಲೆ ನೋಡೋಣ" ಎಂದು ಮನೆಯವರೆಲ್ಲ ಸೇರಿ ಹೇಳಿದ್ದರು. ಆ ಆಮೇಲೆ ತಾನಾಗಿ ಬರಲೇ ಇಲ್ಲ. ಈಗ ಮಗ ಪಿಯುಸಿ, ಮಗಳು ಹೈಸ್ಕೂಲು. ಬಿಂದುವೇ ಹಟ ಹಿಡಿದು ಹೊರಟಿದ್ದಳು.

ಸುಮ್ಮನೆ ಹೊರಟಿರಲಿಲ್ಲ. ಅವಳು ಬಿಟ್ಟಾಗ ಇದ್ದ ಸಾಫ್ಟ್‌ವೇರ್ ಈಗ ಯಾರಿಗೂ ಬೇಡ. ಮಗನ ಲ್ಯಾಪ್‌ಟಾಪಿನಲ್ಲಿ ಹೊಸದನ್ನು ಕಲಿತು, ಕುಕ್ಕರ್ ಕೂಗುವುದರ ನಡುವೆ ಕೂತು, ನಾಲ್ಕು ಮಾದರಿಗಳನ್ನು ತಾನೇ ಮಾಡಿ ಪೆನ್‌ಡ್ರೈವಿಗೆ ಹಾಕಿಕೊಂಡಿದ್ದಳು. ಎಷ್ಟೋ ಕಂಪನಿಗಳು ಹದಿಮೂರು ವರ್ಷದ ಗ್ಯಾಪ್ ಎಂದ ಕೂಡಲೇ ಫೋನ್ ಇಟ್ಟಿದ್ದವು. ಇದೊಂದೇ ಬಾ ಎಂದಿತ್ತು.

ಎದುರಿಗೆ ಕೂತಿದ್ದವನು ಲೋಹಿತ್, ಆಫೀಸಿನ ಮ್ಯಾನೇಜರ್, ಮೂವತ್ತು ದಾಟಿರಲಿಕ್ಕಿಲ್ಲ. ಬಿಂದು ಪೆನ್‌ಡ್ರೈವ್ ಮುಂದಿಟ್ಟಳು. ಅವನು ಅದನ್ನು ನಯವಾಗಿ ಇವಳ ಕಡೆಗೇ ಸರಿಸಿದ.

"ಅದೆಲ್ಲ ಬೇಡ ಮೇಡಂ. ಡಿಸೈನ್‌ಗೆ ಹುಡುಗರಿದಾರೆ. ನೀವು ಅವರ ಡ್ರಾಯಿಂಗ್‌ಗಳನ್ನ ಪ್ರಿಂಟ್ ತೆಗ್ಸಿ ಫೈಲ್ ಮಾಡ್ಕೊಂಡಿದ್ರೆ ಸಾಕು. ಬೆಳಿಗ್ಗೆ ಲೇಟಾದ್ರೂ ಪರವಾಗಿಲ್ಲ."

"ನಾನು ಅಪ್ಲೈ ಮಾಡಿದ್ದು ಡಿಸೈನರ್ ಕೆಲಸಕ್ಕೆ."

"ಅನಿಲ್ ಸರ್ ಎಲ್ಲಾ ಹೇಳಿದಾರೆ ಮೇಡಂ. ಸಂಬಳ ಮುಖ್ಯ ಅಲ್ಲ, ಮನೇಲಿ ಕೂತು ಬೋರಾಗಿದೆ, ಟೈಮ್‌ಪಾಸ್ ಆದ್ರೆ ಸಾಕು ಅಂತ. ನಮ್ ಬಾಸ್‌ಗೆ ಅವರು ತುಂಬಾ ಬೇಕಾದವರು, ಅದಕ್ಕೇ..."

ಬಿಂದುವಿಗೆ ಅಡಿಯಿಂದ ಮುಡಿಯವರೆಗೆ ಉರಿದುಹೋಯಿತು. ಬಾ ಎಂದಿದ್ದು ಅವಳನ್ನಲ್ಲ, ಅನಿಲ್ ಕುಮಾರನ ಹೆಂಡತಿಯನ್ನು! ಕಾಟನ್‌ಪೇಟೆಯಲ್ಲಿ ಪೈಪಿನ ಹೋಲ್‌ಸೇಲ್ ಅಂಗಡಿ ಇಟ್ಟುಕೊಂಡು ಊರೆಲ್ಲ ಪರಿಚಯ ಮಾಡಿಕೊಂಡಿರುವ ಗಂಡ, ಅವಳ ಓದು, ಅವಳ ಕೈಕೆಲಸ, ಅವಳ ಇಷ್ಟು ತಿಂಗಳ ಕಷ್ಟ ಎಲ್ಲವನ್ನೂ ಒಂದು ಫೋನಿನಲ್ಲಿ ಬಿಟ್ಟಿಗೆ ಹಂಚಿಬಿಟ್ಟಿದ್ದ. ಪೆನ್‌ಡ್ರೈವ್ ಎತ್ತಿಕೊಂಡು ಎದ್ದು ಬಂದಳು. "ಕಾಫಿ ತಗೊಂಡ್ ಹೋಗಿ ಮೇಡಂ" ಎಂದು ಆ ಹುಡುಗ ಹಿಂದಿನಿಂದ ಕೂಗಿದ. ಕಾಫಿಯಂತೆ ಕಾಫಿ!

ಮಲ್ಲೇಶ್ವರದ ಮನೆಯಲ್ಲಿ ಆ ಸಂಜೆ ಆದ ಜಗಳ ಪಕ್ಕದ ಕಾಂಪೌಂಡಿಗೂ ಕೇಳಿಸಿತು.

"ನಿನ್ ಒಳ್ಳೇದಕ್ಕೇ ಹೇಳಿದ್ದು ಕಣೆ" ಎಂದ ಅನಿಲ್. ಅವನಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ, ಅದೇ ಇನ್ನೂ ಸಿಟ್ಟು ಬರಿಸುವ ವಿಷಯ. "ಇಷ್ಟ್ ವರ್ಷ ಆದ್ಮೇಲೆ ಯಾರು ಕೊಡ್ತಾರೆ ಕೆಲಸ? ನಾನು ಒಂದ್ ಮಾತ್ ಹೇಳಿದ್ದಕ್ಕೆ ಕರೆದ್ರು. ನಮಗೇನು ನಿನ್ ಸಂಬಳದಲ್ಲಿ ಒಲೆ ಉರೀಬೇಕಾ?"

"ನಿಮ್ಮನ್ನ ಯಾರು ಕೇಳಿದ್ರು? ನನ್ ಬಾಯಿಗೇನು ಬೀಗ ಬಿದ್ದಿತ್ತಾ?"

ಅತ್ತೆ ಮುನಿಯಕ್ಕ ಸೋಫಾದ ಮೇಲೆ ಅವರೇಕಾಯಿ ಬಿಡಿಸುತ್ತ ಕೂತಿದ್ದಳು. "ಗಂಡ ಅನ್ನೋನು ಹೆಂಡ್ತಿ ಪರವಾಗಿ ಒಂದ್ ಮಾತಾಡಿದ್ರೆ ಅದೂ ತಪ್ಪಾ? ನಮ್ ಕಾಲ್ದಾಗೆ ಹಂಗ್ ಮಾತಾಡೋರೇ ಇರ್ಲಿಲ್ಲ ಕಣವ್ವಾ" ಎಂದಳು. ಗಾಯದ ಮೇಲೆ ಬರೆ ಎಳೆಯುವುದಕ್ಕೆ ಅತ್ತೆಗಿಂತ ಬೇರೆ ಯಾರು ಬೇಕು! ಬಿಂದು ಅಡುಗೆಮನೆಗೆ ಹೋಗಿ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು.

ಮಾರನೇ ವಾರ ಪಕ್ಕದ ಮನೆಯ ಅಲಮೇಲು ಬಂದರು. ಬ್ಯಾಂಕಿನಿಂದ ಆಗತಾನೆ ರಿಟೈರ್ ಆದವರು. ಅವರ ಯಜಮಾನರು ವೆಂಕಟಾಚಲ ಅವರಿಗೆ ಕಣ್ಣು ಮಂಜಾಗಿ ಸ್ಟಿಯರಿಂಗ್ ಮುಟ್ಟುವುದನ್ನು ಡಾಕ್ಟರು ಬಿಡಿಸಿದ್ದರು. ಕಾರು ಧೂಳು ಹಿಡಿಯುತ್ತಿತ್ತು. ಹಾಗಾಗಿ ಅಲಮೇಲು ಎಲ್ಎಲ್ಆರ್ ಮಾಡಿಸಿ ಡ್ರೈವಿಂಗ್ ಸ್ಕೂಲಿಗೆ ಸೇರಿದ್ದರು.

"ಬಿಂದು, ಇವತ್ತೊಂದಿನ ನನ್ ಜೊತೆ ಬಂದು ಹಿಂದೆ ಕೂತ್ಕೋತೀಯಾ? ಆ ಹುಡುಗ ಬೈದ್ರೆ ಕೈಕಾಲೇ ಆಡಲ್ಲ ನಂಗೆ. ನೀನು ಮಕ್ಕಳನ್ನ ಕಾರಲ್ಲಿ ಸುತ್ತಾಡಿಸ್ತಾನೇ ಇರ್ತೀಯ, ಜೊತೆಗಿದ್ರೆ ಧೈರ್ಯ."

ಬಿಂದು ಹೋದಳು. ಮಾರ್ಗೋಸಾ ರಸ್ತೆಗೆ ತಿರುಗುವ ಹೊತ್ತಿಗೆ ಅಲಮೇಲು ಮೂರು ಸಲ ಸ್ಕೂಲಿನ ಕಾರನ್ನು ಆಫ್ ಮಾಡಿದ್ದರು. ಹಿಂದೆ ಆಟೋಗಳ ಹಾರ್ನು. ಎಡಗಡೆ ಕೂತಿದ್ದ ಇನ್‌ಸ್ಟ್ರಕ್ಟರ್ ಹಣೆ ಚಚ್ಚಿಕೊಂಡ. "ಎಷ್ಟ್ ಸಲ ಹೇಳ್ಬೇಕು ಆಂಟಿ? ಕ್ಲಚ್ ನಿಧಾನ ಬಿಡಿ ಅಂದ್ರೆ ಗೊತ್ತಾಗಲ್ವಾ? ಈ ವಯಸ್ಸಲ್ಲಿ ನಿಮಗ್ಯಾಕೆ ಬೇಕು ಇದೆಲ್ಲ, ಸುಮ್ನೆ ಮನೇಲಿ ಇರಬಾರ್ದಾ?"

ಅಲಮೇಲು ಅವರ ಕಣ್ಣಲ್ಲಿ ನೀರು ತುಂಬಿತು. ಹಿಂದಿನ ಸೀಟಿನಲ್ಲಿದ್ದ ಬಿಂದುವಿಗೆ ಒಂದು ವಾರದ ಸಿಟ್ಟು ಒಟ್ಟಿಗೇ ನೆತ್ತಿಗೇರಿತು.

"ಏಯ್! ಯಾರಿಗಪ್ಪಾ ಹೇಳ್ತಿದೀಯ ಮನೇಲಿ ಇರು ಅಂತ? ದುಡ್ ತಗೊಂಡಿರೋದು ಕಲ್ಸೋಕಾ, ಬೈಯೋಕಾ? ನಿಧಾನ ಬಿಡಿ ಅಂತ ಬಡ್ಕೊಳ್ತಿದೀಯಲ್ಲ, ಯಾಕೆ ನಿಧಾನ ಬಿಡ್ಬೇಕು ಅಂತ ಒಂದ್ಸಲನಾದ್ರೂ ಹೇಳಿದೀಯಾ?"

"ಅಷ್ಟ್ ಗೊತ್ತಿದ್ರೆ ನೀವೇ ಕಲ್ಸ್ಕೊಳ್ಳಿ ಮೇಡಂ" ಎಂದವನೇ ಅವನು ಕಾರನ್ನು ಪಕ್ಕದ ಕ್ರಾಸಿಗೆ ಹಾಕಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಇಳಿದು ನಡೆದೇಬಿಟ್ಟ.

ಬಿಂದು ಮುಂದಿನ ಎಡಗಡೆ ಸೀಟಿಗೆ ಬಂದು ಕೂತಳು. ಅಲ್ಲಿಯೂ ಒಂದು ಕ್ಲಚ್ಚು, ಒಂದು ಬ್ರೇಕು ಇದ್ದವು. ಕಾಲಿಟ್ಟು ನೋಡಿದಳು.

"ಅಳಬೇಡಿ ಮೇಡಂ. ಕೇಳಿ. ಎರಡು ತಟ್ಟೆ ಎದುರುಬದುರು ಇದೆ ಅಂದ್ಕೊಳ್ಳಿ. ಒಂದು ಇಂಜಿನ್ ಜೊತೆ ಸುತ್ತಾನೇ ಇರುತ್ತೆ. ಇನ್ನೊಂದು ಚಕ್ರದ ಕಡೆಯದು, ಅದು ನಿಂತಿದೆ. ಕ್ಲಚ್ ಒತ್ತಿದ್ರೆ ಎರಡೂ ದೂರ, ಬಿಟ್ರೆ ಅಂಟ್ಕೊಳ್ಳುತ್ತೆ. ನೀವು ದಬಕ್ ಅಂತ ಬಿಟ್ರೆ, ನಿಂತಿರೋದು ಸುತ್ತಾ ಇರೋದನ್ನ ಹಿಡಿದು ನಿಲ್ಲಿಸಿಬಿಡುತ್ತೆ. ಅದಕ್ಕೇ ಆಫ್ ಆಗೋದು. ಸ್ವಲ್ಪ ಸ್ವಲ್ಪ ತಾಗಿಸ್ತಾ ಬಿಡಿ, ನಿಂತಿರೋದಕ್ಕೂ ಸುತ್ತೋಕೆ ಟೈಮ್ ಬೇಕಲ್ವಾ?"

"ಇಷ್ಟೇನಾ!" ಎಂದರು ಅಲಮೇಲು. ಕಣ್ಣೊರೆಸಿಕೊಂಡು ಕಾಲು ಮೆಲ್ಲಗೆ ಎತ್ತಿದರು. ಕಾರು ಒಂದಿಷ್ಟು ನಡುಗಿ ಮುಂದೆ ಹೋಯಿತು. ಎರಡು ಕ್ರಾಸ್ ದಾಟುವಷ್ಟರಲ್ಲಿ ಆಕೆ ನಗುತ್ತಿದ್ದರು. ಬಿಂದುವೂ ನಕ್ಕಳು, ಎಷ್ಟೋ ದಿನಗಳ ಮೇಲೆ. ಈ ಕೆಲಸ ತನಗೆ ಬೇಕು ಎಂದು ಅವಳಿಗೆ ಅಲ್ಲೇ ಅನಿಸಿತು. ಡ್ರಾಯಿಂಗ್ ಬೋರ್ಡಿನ ಆಸೆ ಸತ್ತಿರಲಿಲ್ಲ. ಆದರೆ ಇಲ್ಲಿ ಅವಳು ಓದಿದ್ದು ಇನ್ನೊಬ್ಬರ ಕಾಲಿಗೆ ಧೈರ್ಯವಾಗಿ ಇಳಿಯುವುದನ್ನು ಕಣ್ಣಾರೆ ಕಂಡಿದ್ದಳು.

ಕಾರು ಒಪ್ಪಿಸಲು ಹೋದಾಗ ಸ್ಕೂಲಿನ ಮಾಲೀಕ ಶೀನಣ್ಣ ನಡೆದದ್ದನ್ನು ತಿಳಿದು ಕೈಮುಗಿದು ಕ್ಷಮೆ ಕೇಳಿದ. ಬಿಂದು ನೇರವಾಗಿ ಕೆಲಸ ಕೇಳಿದಳು. ಅವನ ಮುಖ ಅರಳಿತು.

"ಲೇಡಿ ಇನ್‌ಸ್ಟ್ರಕ್ಟರ್ ಇದಾರಾ ಅಂತ ದಿನಾ ಕೇಳ್ಕೊಂಡ್ ಬರ್ತಾರೆ ಮೇಡಂ, ಸಿಗಲ್ಲ. ಲೈಸೆನ್ಸ್ ಆಗಿ ಐದ್ ವರ್ಷ ಆಗಿರ್ಬೇಕು, ಜೊತೆಗೆ ಮೋಟಾರ್ ಮೆಕ್ಯಾನಿಕ್ ಸರ್ಟಿಫಿಕೇಟ್ ಬೇಕು. ನಿಮ್ದು ಮೆಕ್ಯಾನಿಕಲ್ ಬಿಇ ಅಂದ್ರೆ ಅದಕ್ಕಿಂತ ದೊಡ್ಡದು, ನಡೆಯುತ್ತೆ. ಆರ್‌ಟಿಓದಲ್ಲಿ ನಮ್ ಸ್ಕೂಲ್ ಹೆಸರಲ್ಲಿ ನಿಮ್ಮನ್ನ ಸೇರಿಸಿದ ಮೇಲೆ ಕ್ಲಾಸ್ ಶುರು." ಸಂಬಳದ ಮಾತೂ ಆಯಿತು. ಬಿಂದು ಚೌಕಾಸಿ ಮಾಡಿಯೇ ಒಪ್ಪಿದಳು. ಆಮೇಲೆ ಶೀನಣ್ಣ ಕತ್ತು ಕೆರೆದುಕೊಂಡ. "ನೀವು ಪೈಪ್ ಅಂಗಡಿ ಅನಿಲ್ ಸಾರ್ ಮನೆಯವ್ರಲ್ವಾ, ಅವರು ನಂಗೆ ಗೊತ್ತಿರೋರು. ಅವರನ್ನ ಒಂದ್ಸಲ ಕಳ್ಸಿ ಮೇಡಂ. ಅವರ ಬಾಯಲ್ಲಿ ಒಂದ್ ಮಾತು ಹೂಂ ಅಂತ ಬಂದ್ಬಿಟ್ರೆ ನಂಗೂ ನಿಶ್ಚಿಂತೆ."

ಇಲ್ಲಿಯೂ ಅದೇ! ಮೂವತ್ತು ದಾಟದ ಲೋಹಿತನಿಗೂ ಅದೇ ಬುದ್ಧಿ, ಅರವತ್ತರ ಶೀನಣ್ಣನಿಗೂ ಅದೇ ಬುದ್ಧಿ. ನಲವತ್ತು ದಾಟಿದ ಹೆಂಗಸು ಎದುರಿಗೆ ನಿಂತು ಕೇಳಿದರೆ ಕಿವಿಗೆ ಬೀಳುವುದಿಲ್ಲ, ಗಂಡ ಕೆಮ್ಮಿದರೂ ಕೇಳಿಸುತ್ತದೆ.

ಮನೆಯಲ್ಲಿ ಅನಿಲ್ ಕೇಳಿದ್ದೇ ತಡ, ಸಿಡಿದ. "ಡ್ರೈವಿಂಗ್ ಸ್ಕೂಲಾ? ಬಿಇ ಮಾಡಿ ಎಲ್ ಬೋರ್ಡ್ ಹಾಕ್ಕೊಂಡು ರೋಡ್ ರೋಡ್ ಸುತ್ತೋಕಾ? ನಮ್ ಜನ ನೋಡಿದ್ರೆ ಮುಖಕ್ಕೆ ಉಗೀತಾರೆ. ತಾಳು, ಆ ಶೀನಣ್ಣನಿಗೆ ನಾನೇ ಹೇಳ್ತೀನಿ." ಫೋನ್ ಕೈಗೆತ್ತಿಕೊಂಡ.

"ಹೇಳಿ. ಸ್ಪೀಕರ್ ಹಾಕಿ ಹೇಳಿ" ಎಂದಳು ಬಿಂದು. ಅವಳ ದನಿ ಕೇಳಿ ಮುನಿಯಕ್ಕ ಟೀವಿಯ ಸೌಂಡ್ ಇಳಿಸಿದಳು.

ತನ್ನ ಹೆಂಡತಿಗೆ ಕೆಲಸ ಕೊಡಬೇಡಿ ಎಂದು ಅನಿಲ್ ಹೇಳಿದ. ಅತ್ತ ಕಡೆಯಿಂದ ಶೀನಣ್ಣ, "ಆಯ್ತು ಸಾರ್, ನೀವು ಹೆಂಗ್ ಹೇಳಿದ್ರೆ ಹಂಗೆ" ಎಂದ. ಅಷ್ಟರಲ್ಲಿ ಬಿಂದು ಫೋನ್ ಕಿತ್ತುಕೊಂಡಳು.

"ಶೀನಣ್ಣ, ನಾನು ಬಿಂದು. ಅಲಮೇಲು ಮೇಡಂ ನಾಳೆಯಿಂದ ನಿಮ್ ಸ್ಕೂಲಿಗೆ ಬರಲ್ಲ. ಅವರ ಬ್ಯಾಂಕಿನ ಫ್ರೆಂಡ್ಸ್ ಸೇರ್ಬೇಕು ಅಂತಿದ್ರಲ್ಲ, ಅವರೂ ಬರಲ್ಲ. ಹದಿನೈದನೇ ಕ್ರಾಸಿನ ಸ್ಕೂಲಿನವರೂ ಲೇಡಿ ಇನ್‌ಸ್ಟ್ರಕ್ಟರ್ ಹುಡುಕ್ತಿದಾರಂತೆ. ಅವರು ನನ್ ಲೈಸೆನ್ಸ್ ನೋಡ್ತಾರೋ, ಗಂಡನ ಮುಖ ನೋಡ್ತಾರೋ ಕೇಳ್ತೀನಿ. ಕಾರು ಓಡ್ಸೋದು ನಾನು, ಕೆಲಸ ಕೇಳಿದ್ದು ನಾನು, ಮಾತು ಕೊಡಬೇಕಾದ್ದೂ ನನಗೇ. ಕೊಡ್ತೀರೋ, ಇಲ್ವೋ?"

 ಶೀನಣ್ಣನ ದನಿ ಮೆತ್ತಗಾಯಿತು. "ಬೇಜಾರ್ ಮಾಡ್ಕೋಬೇಡಿ ಮೇಡಂ. ನಾಳೆ ಡಿಗ್ರಿ ಸರ್ಟಿಫಿಕೇಟು, ಲೈಸೆನ್ಸು ತಗೊಂಡ್ ಬನ್ನಿ. ಆರ್‌ಟಿಓ ಕೆಲಸ ನಾಳೇನೇ ಶುರು ಮಾಡ್ಸೋಣ. ಅನಿಲ್ ಸಾರ್‌ಗೆ... ನೀವೇ ಹೇಳ್ಬಿಡಿ."

ಬಿಂದು ಫೋನನ್ನು ಗಂಡನ ಕೈಗೆ ಕೊಟ್ಟಳು. ಅವನ ಮುಖ ಕೆಂಪಾಗಿತ್ತು. ಅಡ್ಡಿ ಹೇಳಲು ಏನಾದರೂ ನೆಪ ಸಿಗುತ್ತದೇನೋ ಎಂದು ಹುಡುಕಿದ.

"ಸರಿ, ಹೋಗು. ಸಂಜೆ ಹೊತ್ತು ಕ್ಲಾಸ್ ಇದ್ರೆ ಯಶಶ್ರೀನ ಟ್ಯೂಷನ್ನಿಂದ ಯಾರ್ ಕರ್ಕೊಂಡ್ ಬರ್ತಾರೆ? ಅದನ್ನ ಯೋಚನೆ ಮಾಡಿದೀಯಾ?"

"ಮಾಡಿದೀನಿ. ನೀವು."

"ನಾನಾ?"

"ಅವಳು ನಿಮಗೂ ಮಗಳೇ ತಾನೆ?"

ಅನಿಲ್ ಹಲ್ಲು ಕಚ್ಚಿದ. ಅತ್ತ ತಾಯಿಯನ್ನು ನೋಡಿದ, ಇತ್ತ ಹೆಂಡತಿಯನ್ನು ನೋಡಿದ. "ಆಯ್ತು ಮಾರಾಯ್ತಿ, ಅದನ್ನೂ ಮಾಡ್ತೀನಿ, ಇವತ್ತಿಂದಾನೇ" ಎಂದು ಕಾರಿನ ಕೀ ಎತ್ತಿಕೊಂಡು ಬಾಗಿಲವರೆಗೆ ಹೋದವನು ಅಲ್ಲೇ ನಿಂತ. ತಿರುಗಿದಾಗ ದನಿ ಇಳಿದಿತ್ತು.

"ಟ್ಯೂಷನ್ ಇರೋದು ಎಲ್ಲಿ?"

ಮುನಿಯಕ್ಕ ಮಗನ ಮುಖವನ್ನೇ ನೋಡಿದಳು. ಆ ಹುಡುಗಿ ಮೂರು ವರ್ಷದಿಂದ ಅಲ್ಲಿಗೇ ಹೋಗುತ್ತಿದ್ದಳು.

ಬಿಂದು ಈ ಸಲ ಕೂಗಲಿಲ್ಲ. "ವೈಯಾಲಿಕಾವಲ್‌ನಲ್ಲಿ" ಎಂದಳು. "ಮನೆ ಯಾವುದು ಅಂತ ಮಗಳಿಗೆ ಫೋನ್ ಮಾಡಿ ಕೇಳಿ." ಆಮೇಲೆ ಒಳಗೆ ಹೋಗಿ, ಬೀರು ತೆಗೆದು, ತನ್ನ ಡಿಗ್ರಿ ಸರ್ಟಿಫಿಕೇಟ್ ಹುಡುಕತೊಡಗಿದಳು.